ಎರಡು ವಾಕ್ಯ ಒಂದಾಗುವಾಗ ಕಾಮಾ ಎಲ್ಲಿ?

ಶಾಲೆಯ ಇಂಗ್ಲಿಷ್ ವ್ಯಾಕರಣದಲ್ಲಿ ಒಂದು ಅಭ್ಯಾಸ ತಲೆಮಾರುಗಳಿಂದ ಹೆಚ್ಚುಕಡಿಮೆ ಹಾಗೇ ಉಳಿದುಕೊಂಡಿದೆ. ಎರಡು ಪುಟ್ಟ ವಾಕ್ಯಗಳನ್ನು ಕೊಟ್ಟಿರುತ್ತಾರೆ. 'ಹೂ', 'ವಿಚ್', 'ಹೂಝ್', 'ದ್ಯಾಟ್' ಇವುಗಳಲ್ಲಿ ಸರಿಯಾದುದನ್ನು ಆರಿಸಿ ಎರಡನ್ನೂ ಒಂದು ಮಾಡಬೇಕು. ರೆನ್ ಮತ್ತು ಮಾರ್ಟಿನ್ ವ್ಯಾಕರಣ ಪುಸ್ತಕ ಓದಿದವರಿಗೂ, ಈಚೆಗೆ ಬ್ಯಾಂಕ್ ಪರೀಕ್ಷೆಗೆ ಕೂತವರಿಗೂ ಇದು ಗೊತ್ತು. ಮನುಷ್ಯರಿಗೆ 'ಹೂ', ವಸ್ತುಗಳಿಗೆ 'ವಿಚ್', ಒಡೆತನಕ್ಕೆ 'ಹೂಝ್', ಎರಡಕ್ಕೂ ಸಲ್ಲುವ 'ದ್ಯಾಟ್' ಎಂಬ ಸೂತ್ರವನ್ನು ಬಾಯಿಪಾಠ ಮಾಡಿಕೊಂಡವರು ಅರ್ಧ ದಾರಿ ಸಲೀಸಾಗಿ ದಾಟುತ್ತಾರೆ. ಉಳಿದರ್ಧದಲ್ಲಿ ಎಡವುವುದಕ್ಕೆ ಕಾರಣ ಇಂಗ್ಲಿಷ್ ಒಂದೇ ಅಲ್ಲ. ಕನ್ನಡ ಇದೇ ಕೆಲಸವನ್ನು ಬೇರೆ ದಾರಿಯಲ್ಲಿ ಮುಗಿಸುತ್ತದೆ ಎಂಬುದೂ ಒಂದು ಕಾರಣ.

ಕನ್ನಡದಲ್ಲಿ ಎರಡು ವಾಕ್ಯ ಜೋಡಿಸಲು ಬೇರೆ ಪದವೇ ಬೇಕಿಲ್ಲ. 'ಹುಡುಗ ಬಂದ', 'ಅವನು ನನ್ನ ತಮ್ಮ' ಎಂಬೆರಡು ಮಾತು 'ಬಂದ ಹುಡುಗ ನನ್ನ ತಮ್ಮ' ಎಂದಾಗುತ್ತದೆ. ಕ್ರಿಯಾಪದ ಕೃದಂತವಾಗಿ ನಾಮಪದದ ಮುಂದೆ ಬಂದು ನಿಂತರೆ ಕೆಲಸ ಮುಗಿಯಿತು. ಇಂಗ್ಲಿಷಿನಲ್ಲಿ ವಿವರಣೆ ನಾಮಪದದ ನಂತರ ಬರುತ್ತದೆ. ಅದಕ್ಕೂ ನಾಮಪದಕ್ಕೂ ನಡುವೆ ಕೊಂಡಿಯಾಗಿ ಒಂದು ಪದ ನಿಲ್ಲುತ್ತದೆ. ಆ ಕೊಂಡಿ ಬರೀ ಅಂಟಿಸುವ ಪದವಲ್ಲ, ಎರಡನೆಯ ವಾಕ್ಯದಲ್ಲಿ ಯಾವುದೋ ಒಂದು ಸ್ಥಾನವನ್ನೂ ತುಂಬುತ್ತದೆ. ನಮ್ಮ ಕೃದಂತ ಆ ಸ್ಥಾನ ಯಾವುದೆಂದು ಹೇಳುವ ಗೋಜಿಗೇ ಹೋಗುವುದಿಲ್ಲ.

ಒಂದು ಜೋಡಿಯನ್ನು ಹತ್ತಿರದಿಂದ ನೋಡೋಣ. 'ಐ ಮೆಟ್ ಎ ಫಾರ್ಮರ್', ಅಂದರೆ ಒಬ್ಬ ರೈತನನ್ನು ಭೇಟಿಯಾದೆ. 'ಹಿಸ್ ಬೋರ್‌ವೆಲ್ ಹ್ಯಾಸ್ ಗಾನ್ ಡ್ರೈ', ಅವನ ಬೋರ್‌ವೆಲ್ ಬತ್ತಿದೆ. ಮೊದಲು ಮಾಡಬೇಕಾದದ್ದು, ಎರಡನೆಯ ವಾಕ್ಯದಲ್ಲಿ ರೈತನನ್ನು ಸೂಚಿಸುವ ಪದ ಯಾವುದೆಂದು ಹುಡುಕುವುದು. ಅದು 'ಹಿಸ್'. ಆ ಪದ ಅಲ್ಲಿ ಮಾಡುತ್ತಿರುವುದು ಒಡೆತನ ತೋರಿಸುವ ಕೆಲಸ, ಹಾಗಾಗಿ ಅದರ ಜಾಗಕ್ಕೆ ಬರಬೇಕಾದದ್ದು 'ಹೂಝ್'. ಈಗ 'ಹೂಝ್ ಬೋರ್‌ವೆಲ್' ಎಂಬ ಜೋಡಿಪದವನ್ನು 'ಫಾರ್ಮರ್' ಬೆನ್ನಿಗೇ ಇಟ್ಟರೆ 'ಐ ಮೆಟ್ ಎ ಫಾರ್ಮರ್ ಹೂಝ್ ಬೋರ್‌ವೆಲ್ ಹ್ಯಾಸ್ ಗಾನ್ ಡ್ರೈ' ಎಂದಾಗುತ್ತದೆ. 'ಹಿಸ್' ಉಳಿಯಬಾರದು, ಅದೇ 'ಹೂಝ್' ಆಗಿಬಿಟ್ಟಿದೆಯಲ್ಲ.

ಇಷ್ಟು ಸರಳವಾದದ್ದನ್ನು ಎಷ್ಟೋ ಮಂದಿ 'ಎ ಫಾರ್ಮರ್ ಹೂ ಬೋರ್‌ವೆಲ್' ಎಂದು ಬರೆಯುತ್ತಾರೆ. ಅದರ ಮೂಲ ನಮ್ಮ ನಾಲಗೆಯಲ್ಲೇ ಇದೆ. ಕನ್ನಡದಲ್ಲಿ 'ಬೋರ್‌ವೆಲ್ ಬತ್ತಿದ ರೈತ' ಎನ್ನುತ್ತೇವೆ. ಬತ್ತಿದ್ದು ಬೋರ್‌ವೆಲ್ಲೇ ಹೊರತು ರೈತನಲ್ಲ, ಆದರೂ ಆ ಮಾತಿನಲ್ಲಿ 'ಅವನ' ಎಂಬುದರ ಸುಳಿವೇ ಇಲ್ಲ. ಕೇಳಿದವರು ತಾವಾಗಿ ತಿಳಿದುಕೊಳ್ಳುತ್ತಾರೆ. ಹೀಗೆ ಯೋಚಿಸಿ ಅಭ್ಯಾಸವಾದವರಿಗೆ, ಒಡೆತನಕ್ಕೆಂದೇ ಬೇರೊಂದು ಪದ ಹುಡುಕಬೇಕು ಅನ್ನುವುದೇ ಹೊಳೆಯುವುದಿಲ್ಲ. ಇನ್ನೊಂದು ಮಾತು: 'ಹೂಝ್' ಮನುಷ್ಯರಿಗೆ ಮಾತ್ರ ಮೀಸಲು ಎಂಬ ನಂಬಿಕೆ ಹಲವರಲ್ಲಿದೆ. ಅದು ನಿಜವಲ್ಲ. ಮಾಡು ಹಾರಿಹೋದ ಮನೆಗೂ 'ಎ ಹೌಸ್ ಹೂಝ್ ರೂಫ್' ಎನ್ನುವುದು ಸರಿಯಾದ ಇಂಗ್ಲಿಷೇ.

ಇದೇ ಮನೆತನದ ಮತ್ತೊಂದು ತಪ್ಪು ಬಸ್ಸಿನದು. 'ದಿ ಬಸ್ ಬ್ರೋಕ್ ಡೌನ್', ಬಸ್ಸು ಕೆಟ್ಟು ನಿಂತಿತು. 'ಮೈ ಸಿಸ್ಟರ್ ವಾಸ್ ಟ್ರಾವೆಲಿಂಗ್ ಇನ್ ಇಟ್', ತಂಗಿ ಅದರಲ್ಲಿ ಹೋಗುತ್ತಿದ್ದಳು. ಕನ್ನಡದಲ್ಲಿ 'ತಂಗಿ ಹೋಗುತ್ತಿದ್ದ ಬಸ್ಸು ಕೆಟ್ಟು ನಿಂತಿತು' ಎಂದರೆ ಸಾಕು, 'ಅದರಲ್ಲಿ' ಎಂಬ ವಿಭಕ್ತಿ ಸದ್ದಿಲ್ಲದೆ ಕರಗಿಹೋಗುತ್ತದೆ. ಅದನ್ನೇ ಇಂಗ್ಲಿಷಿಗೆ ಇಳಿಸಿದ ವಿದ್ಯಾರ್ಥಿ 'ದಿ ಬಸ್ ವಿಚ್ ಮೈ ಸಿಸ್ಟರ್ ವಾಸ್ ಟ್ರಾವೆಲಿಂಗ್ ಬ್ರೋಕ್ ಡೌನ್' ಎಂದು ಬರೆದು ಮುಂದೆ ಹೋಗುತ್ತಾನೆ. 'ಇನ್' ಕಾಣೆಯಾಗಿದೆ. ಅದು 'ಟ್ರಾವೆಲಿಂಗ್' ಆದಮೇಲೆ ಇರಬೇಕು, ಇಲ್ಲವೇ ಮುಂದಕ್ಕೆ ಬಂದು 'ಇನ್ ವಿಚ್' ಆಗಬೇಕು. ಮುಂದಕ್ಕೆ ತಂದರೆ 'ವಿಚ್' ಒಂದೇ ಗತಿ, 'ಇನ್ ದ್ಯಾಟ್' ಎಂಬ ರೂಪ ಇಲ್ಲಿ ನಡೆಯುವುದಿಲ್ಲ. ಕೆಲವರು ಇದಕ್ಕೆ ತದ್ವಿರುದ್ಧವಾಗಿ 'ಇಟ್' ಕೂಡ ಉಳಿಸಿಕೊಂಡು 'ಇನ್ ಇಟ್' ಎಂದೇ ಬರೆಯುತ್ತಾರೆ. ಆಗ ಒಂದೇ ಬಸ್ಸಿಗೆ ಎರಡು ಸರ್ವನಾಮ ಅಂಟಿಕೊಂಡಂತೆ.

ಜಾಗದ ತಪ್ಪಂತೂ ನಗೆ ತರಿಸುತ್ತದೆ. ಪಕ್ಕದ ಮನೆಯ ಹುಡುಗ ಕಿಟಕಿ ಒಡೆದ ಎನ್ನಬೇಕಾದಲ್ಲಿ, ಎರಡನೆಯ ವಾಕ್ಯವನ್ನು ಕೊನೆಗೆ ತಗುಲಿಸಿ 'ದಿ ಬಾಯ್ ಬ್ರೋಕ್ ದಿ ವಿಂಡೋ ಹೂ ಲಿವ್ಸ್ ನೆಕ್ಸ್ಟ್ ಡೋರ್' ಎಂದರೆ, ಪಕ್ಕದ ಮನೆಯಲ್ಲಿ ವಾಸ ಮಾಡುತ್ತಿರುವುದು ಕಿಟಕಿ ಎಂದಾಗುತ್ತದೆ. ಕೊಂಡಿಯ ಪದಕ್ಕೆ ತನ್ನ ಹಿಂದಿರುವ ನಾಮಪದವನ್ನೇ ಹಿಡಿದುಕೊಳ್ಳುವ ಚಾಳಿ. ಈ ಚಾಳಿಯ ಕಾರಣಕ್ಕೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಒಂದು ವ್ಯಾಜ್ಯ ಹೋಗಿತ್ತು, ಅದರ ವಿಷಯ ಮುಂದಿದೆ.

ಇಲ್ಲಿಯತನಕ ಹೇಳಿದ್ದೆಲ್ಲ ನಿಯಮದ ಕೆಲಸ. ಕೈಗೆ ಅಭ್ಯಾಸವಾದರೆ ಹೆಚ್ಚು ಯೋಚಿಸಬೇಕಿಲ್ಲ. ಕಾಮಾ ಹಾಗಲ್ಲ. ಎಷ್ಟು ಹೊತ್ತು ವ್ಯಾಕರಣ ನೋಡಿದರೂ ಕೆಲವೊಮ್ಮೆ ಉತ್ತರ ಸಿಗುವುದಿಲ್ಲ, ಯಾಕೆಂದರೆ ಉತ್ತರ ಇರುವುದು ವಾಕ್ಯದ ಹೊರಗೆ.

ಈ ಜೋಡಿ ನೋಡಿ. 'ದಿ ಸ್ಟೂಡೆಂಟ್ಸ್ ವರ್ ಸೆಂಟ್ ಔಟ್', ವಿದ್ಯಾರ್ಥಿಗಳನ್ನು ಹೊರಗೆ ಕಳಿಸಲಾಯಿತು. 'ದೇ ಹ್ಯಾಡ್ ನಾಟ್ ಬ್ರಾಟ್ ದೇರ್ ಬುಕ್ಸ್', ಅವರು ಪುಸ್ತಕ ತಂದಿರಲಿಲ್ಲ. ಜೋಡಿಸುವುದು ಸುಲಭ: 'ದಿ ಸ್ಟೂಡೆಂಟ್ಸ್ ಹೂ ಹ್ಯಾಡ್ ನಾಟ್ ಬ್ರಾಟ್ ದೇರ್ ಬುಕ್ಸ್ ವರ್ ಸೆಂಟ್ ಔಟ್'. ಹೀಗೆ ಕಾಮಾ ಇಲ್ಲದೆ ಬರೆದರೆ, ತರಗತಿಯಲ್ಲಿ ಪುಸ್ತಕ ತಂದವರೂ ಇದ್ದರು, ತರದವರಷ್ಟೇ ಹೊರಗೆ ಹೋದರು ಎಂದರ್ಥ. 'ಸ್ಟೂಡೆಂಟ್ಸ್' ಆದಮೇಲೆ ಒಂದು, 'ಬುಕ್ಸ್' ಆದಮೇಲೆ ಒಂದು ಕಾಮಾ ಹಾಕಿದರೆ ಇಡೀ ತರಗತಿಯೇ ಹೊರಗೆ. ಯಾರೂ ಪುಸ್ತಕ ತಂದಿರಲಿಲ್ಲ. ಅಕ್ಷರ ಒಂದೂ ಬದಲಾಗಿಲ್ಲ, ಶಿಕ್ಷೆಗೊಳಗಾದವರ ಲೆಕ್ಕ ಬದಲಾಗಿದೆ.

ಕಾಮಾ ಇಲ್ಲದ ವಿವರಣೆ ಗುಂಪಿನಿಂದ ಕೆಲವರನ್ನು ಆರಿಸುತ್ತದೆ. ಕಾಮಾಗಳ ನಡುವಿನ ವಿವರಣೆ ಯಾರನ್ನೂ ಆರಿಸುವುದಿಲ್ಲ, ಈಗಾಗಲೇ ಗುರುತಾದವರ ಬಗ್ಗೆ ಇನ್ನೊಂದು ಸಂಗತಿ ತಿಳಿಸುತ್ತದೆ ಅಷ್ಟೆ. ಮೇಲಿನ ಜೋಡಿಯಲ್ಲಿ ಯಾವುದು ಸರಿ ಎಂದು ಅಭ್ಯಾಸದ ಪುಟ ನೋಡಿ ಹೇಳಲು ಸಾಧ್ಯವೇ? ಖಂಡಿತ ಇಲ್ಲ. ಆ ದಿನ ತರಗತಿಯಲ್ಲಿ ಏನಾಯಿತೆಂದು ಗೊತ್ತಿದ್ದವರು ಮಾತ್ರ ಹೇಳಬಲ್ಲರು. ಇಂಥ ಪ್ರಶ್ನೆಗೆ ಪುಸ್ತಕದ ಹಿಂಬದಿಯಲ್ಲಿ ಒಂದೇ ಉತ್ತರ ಅಚ್ಚಾಗಿದ್ದರೆ ತಪ್ಪು ಪುಸ್ತಕದ್ದೇ.

ಎಲ್ಲ ಜೋಡಿಗಳೂ ಹೀಗೆ ಕೈಕೊಡುವುದಿಲ್ಲ. ಬಹಳಷ್ಟರಲ್ಲಿ ಮೊದಲ ವಾಕ್ಯವೇ ಗುಟ್ಟು ಬಿಟ್ಟುಕೊಡುತ್ತದೆ. ಅದನ್ನೊಂದನ್ನೇ ಓದಿ, ಅಲ್ಲಿಗೇ ನಿಲ್ಲಿಸಿ, 'ಯಾವುದು?' ಅಥವಾ 'ಯಾರು?' ಎಂದು ಕೇಳಬೇಕೆನ್ನಿಸುತ್ತದೆಯೇ ನೋಡಬೇಕು. 'ದಿ ಮ್ಯಾನ್ ಈಸ್ ಮೈ ಅಂಕಲ್' ಎಂದಾಗ ಯಾವ ಮನುಷ್ಯ ಎಂಬ ಪ್ರಶ್ನೆ ಥಟ್ಟನೆ ಏಳುತ್ತದೆ. ಅಲ್ಲಿ ನಿಂತಿರುವವನು ಎಂಬ ಎರಡನೆಯ ವಾಕ್ಯ ಆ ಪ್ರಶ್ನೆಗೆ ಉತ್ತರ. ಇಲ್ಲಿ ಕಾಮಾ ಬೇಡ. 'ದಿ ಕಾವೇರಿ ಫ್ಲೋಸ್ ಇಂಟು ದಿ ಬೇ ಆಫ್ ಬೆಂಗಾಲ್' ಎಂದಾಗ ಯಾವ ಕಾವೇರಿ ಎಂದು ಯಾರೂ ಕೇಳುವುದಿಲ್ಲ. ತಲಕಾವೇರಿಯಲ್ಲಿ ಹುಟ್ಟುತ್ತದೆ ಎಂಬುದು ಮೇಲಿನ ಮಾಹಿತಿ, ಆದ್ದರಿಂದ 'ದಿ ಕಾವೇರಿ' ಆದಮೇಲೆ ಕಾಮಾ, 'ವಿಚ್ ರೈಸಸ್ ಅಟ್ ತಲಕಾವೇರಿ', ಮತ್ತೊಂದು ಕಾಮಾ, ಆಮೇಲೆ ಉಳಿದದ್ದು. ಈ ಎರಡನೆಯ ಕಾಮಾವನ್ನು ಮರೆಯುವವರೇ ಜಾಸ್ತಿ. ವಿವರಣೆ ವಾಕ್ಯದ ನಡುವೆ ಇದ್ದರೆ ಎರಡೂ ಬೇಕು, ಒಂದನ್ನೇ ಹಾಕುವುದು ಕಂಸವನ್ನು ತೆರೆದು ಮುಚ್ಚದೆ ಬಿಟ್ಟಂತೆ.

ಅಂಕಿತನಾಮಕ್ಕೆ ಹೀಗೆ ಸಾಮಾನ್ಯವಾಗಿ ಕಾಮಾ ಬರುತ್ತದೆ. 1967ರ ಜ್ಞಾನಪೀಠ ಪಡೆದ ಕುವೆಂಪು ಎನ್ನುವಾಗ ಕುವೆಂಪು ಒಬ್ಬರೇ. ಪ್ರಶಸ್ತಿಯ ವಿವರ ಇಲ್ಲದಿದ್ದರೂ ಅವರು ಯಾರೆಂದು ಗೊತ್ತು. ಆದರೆ ಇದನ್ನೂ ಕುರುಡಾಗಿ ನಂಬುವಂತಿಲ್ಲ. 'ದಿ ಬೆಂಗಳೂರು ದ್ಯಾಟ್ ಮೈ ಗ್ರ್ಯಾಂಡ್‌ಫಾದರ್ ನ್ಯೂ', ಅಂದರೆ ಅಜ್ಜ ಕಂಡಿದ್ದ ಬೆಂಗಳೂರು ಎನ್ನುವಾಗ ಕಾಮಾ ಇಲ್ಲ. ಮಾತಾಡುವವರ ಮನಸ್ಸಿನಲ್ಲಿ ಬೆಂಗಳೂರು ಎರಡಾಗಿದೆ, ಅಜ್ಜನ ಕಾಲದ್ದೊಂದು, ಈಗಿನದೊಂದು. ವಿವರಣೆ ಅವುಗಳಲ್ಲಿ ಒಂದನ್ನು ಆರಿಸುತ್ತಿದೆ. ಊರಿನ ಹೆಸರಿನ ಮುಂದೆ 'ದಿ' ಬಂದಿರುವುದೇ ಅದಕ್ಕೆ ಗುರುತು.

ಮನೆಯವರ ವಿಷಯದಲ್ಲಿ ಇನ್ನಷ್ಟು ಜಾಗ್ರತೆ ಬೇಕು. 'ಮೈ ಬ್ರದರ್ ಹೂ ಲಿವ್ಸ್ ಇನ್ ಮೈಸೂರು ಈಸ್ ಎ ಡಾಕ್ಟರ್' ಎಂದು ಕಾಮಾ ಇಲ್ಲದೆ ಬರೆದವರಿಗೆ ಒಬ್ಬರಿಗಿಂತ ಹೆಚ್ಚು ಅಣ್ಣತಮ್ಮಂದಿರಿದ್ದಾರೆ ಎಂದು ಓದುಗ ಊಹಿಸುತ್ತಾನೆ. ಕಾಮಾ ಹಾಕಿದರೆ ಇರುವವನು ಒಬ್ಬನೇ. 'ಬ್ರದರ್' ಜಾಗದಲ್ಲಿ 'ವೈಫ್' ಎಂದು ಬರೆದು ಕಾಮಾ ಮರೆತರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಿಲ್ಲ. ಕನ್ನಡದಲ್ಲಿ ಈ ಆತಂಕವೇ ಇಲ್ಲ. 'ಮೈಸೂರಿನಲ್ಲಿರುವ ನನ್ನ ಅಣ್ಣ ಡಾಕ್ಟರು' ಎಂಬ ವಾಕ್ಯ ಒಬ್ಬನೇ ಅಣ್ಣ ಇದ್ದವರ ಬಾಯಲ್ಲೂ, ನಾಲ್ವರು ಅಣ್ಣಂದಿರಿರುವವರ ಬಾಯಲ್ಲೂ ಒಂದೇ ರೀತಿ ಬರುತ್ತದೆ. ಕೃದಂತ ಆರಿಸುತ್ತಿದೆಯೋ ಬರೀ ತಿಳಿಸುತ್ತಿದೆಯೋ ಎಂದು ಬರವಣಿಗೆಯಲ್ಲಿ ಗುರುತು ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಕಾಮಾ ವಿಷಯದಲ್ಲಿ ಕನ್ನಡಿಗರು ತಡವರಿಸಿದರೆ ಆಶ್ಚರ್ಯವೇನು?

ಆದರೂ ಕನ್ನಡದೊಳಗೇ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ವಿವರಣೆಯನ್ನು ಕಿತ್ತು, 'ಅಂದಹಾಗೆ' ಎಂದು ಸೇರಿಸಿ ಬೇರೆ ಮಾತಾಗಿ ಹೇಳಿ ನೋಡುವುದು. 'ನನ್ನ ಅಣ್ಣ ಡಾಕ್ಟರು. ಅಂದಹಾಗೆ ಅವನಿರುವುದು ಮೈಸೂರಿನಲ್ಲಿ' ಎಂದು ಹೇಳಿದಾಗ ಅರ್ಥ ಕೆಡದಿದ್ದರೆ ಇಂಗ್ಲಿಷಿನಲ್ಲಿ ಕಾಮಾ ಹಾಕಬೇಕು. 'ಹೆಲ್ಮೆಟ್ ಹಾಕದ ಸವಾರರಿಗೆ ದಂಡ ಬೀಳುತ್ತದೆ' ಎಂಬುದನ್ನು ಹಾಗೆ ಒಡೆಯಿರಿ. 'ಸವಾರರಿಗೆ ದಂಡ ಬೀಳುತ್ತದೆ. ಅಂದಹಾಗೆ ಅವರು ಹೆಲ್ಮೆಟ್ ಹಾಕುವುದಿಲ್ಲ.' ಮೊದಲ ಮಾತೇ ಸುಳ್ಳಾಯಿತು, ರಸ್ತೆಯ ಮೇಲಿರುವ ಸವಾರರೆಲ್ಲ ಅಪರಾಧಿಗಳಾದರು. ಇಲ್ಲಿ ಕಾಮಾ ಕೂಡದು. 'ಆಲ್', 'ಎವ್ರಿ', 'ಎನಿ', 'ದೋಸ್' ಮುಂತಾದವುಗಳ ನಂತರ ಬರುವ ವಿವರಣೆಗೂ ಸಾಮಾನ್ಯವಾಗಿ ಕಾಮಾ ಇರುವುದಿಲ್ಲ. ಎಲ್ಲರು ಅಂದಮೇಲೆ ಯಾವ ಎಲ್ಲರು ಎಂದು ಗೆರೆ ಎಳೆಯುವುದೇ ಆ ವಿವರಣೆಯ ಕೆಲಸ.

'ದ್ಯಾಟ್' ಈ ಲೆಕ್ಕದಲ್ಲಿ ಒಳ್ಳೆಯ ಸಾಕ್ಷಿ. ಇಂದಿನ ಇಂಗ್ಲಿಷಿನಲ್ಲಿ ಅದು ಆರಿಸುವ ವಿವರಣೆಗೆ ಮಾತ್ರ ಬರುತ್ತದೆ. ಕಾಮಾ ಹಾಕಿ 'ದ್ಯಾಟ್' ಬರೆದು 'ದಿ ಕಾವೇರಿ, ದ್ಯಾಟ್ ರೈಸಸ್' ಎಂದರೆ ಇಂಗ್ಲಿಷ್ ಬಲ್ಲವರ ಕಿವಿಗೆ ಕರಕರ ಎನ್ನುತ್ತದೆ. ಹಾಗಾಗಿ 'ವಿಚ್' ಜಾಗದಲ್ಲಿ 'ದ್ಯಾಟ್' ಇಟ್ಟು ಓದಿ, ಸಲೀಸಾಗಿ ಕೂತರೆ ಕಾಮಾ ತೆಗೆಯುವುದು ಒಳ್ಳೆಯ ಉಪಾಯ. ಇದರ ಇನ್ನೊಂದು ಮಗ್ಗುಲು ಮಾತ್ರ ವಿವಾದದ್ದು. ಕಾಮಾ ಇಲ್ಲದಲ್ಲಿ 'ವಿಚ್' ಬರೆಯಬಹುದೇ? ಇಂಗ್ಲೆಂಡಿನ ಎಚ್. ಡಬ್ಲ್ಯು. ಫೌಲರ್ 1926ರಲ್ಲಿ ಹೊರತಂದ ಬಳಕೆಯ ನಿಘಂಟಿನಲ್ಲಿ, ಆರಿಸುವುದಕ್ಕೆ 'ದ್ಯಾಟ್', ತಿಳಿಸುವುದಕ್ಕೆ 'ವಿಚ್' ಎಂದು ಹಂಚಿಕೊಂಡರೆ ಚೆನ್ನ ಎಂದು ಸೂಚಿಸಿದರು. ಆಗಿನ ಬರಹಗಾರರು, ಒಳ್ಳೆಯವರು ಕೂಡ, ಹಾಗೆ ಬರೆಯುತ್ತಿರಲಿಲ್ಲ ಎಂಬುದನ್ನು ಅವರೇ ಒಪ್ಪಿಕೊಂಡಿದ್ದರು. ಆ ಸಲಹೆ ಅವರ ದೇಶದಲ್ಲಿ ನಿಯಮವಾಗಲಿಲ್ಲ, ಅಟ್ಲಾಂಟಿಕ್ ದಾಟಿ ಅಮೆರಿಕದ ಸಂಪಾದಕರ ಮೇಜಿನ ಮೇಲೆ ನಿಯಮವಾಯಿತು. ಬ್ರಿಟಿಷ್ ಬರವಣಿಗೆಯಲ್ಲಿ ಕಾಮಾ ಇಲ್ಲದ 'ವಿಚ್' ಇಂದಿಗೂ ಧಾರಾಳವಾಗಿ ಕಾಣುತ್ತದೆ. ಭಾರತದ ವಿದ್ಯಾರ್ಥಿ ಹಾಗೆ ಬರೆದದ್ದಕ್ಕೆ ಅಂಕ ಕಳೆಯುವುದು ಅನ್ಯಾಯ. ಕಾಮಾ ಸರಿ ಇದೆಯೇ ಎಂದು ನೋಡಿದರೆ ಸಾಕು.

ಈ ವಿವರಣೆಗಳು ಕಾನೂನಿನೊಳಗೆ ಹೊಕ್ಕಾಗ ಹಣದ ಪ್ರಶ್ನೆಯಾಗುತ್ತವೆ. ಅಮೆರಿಕದ ಸಾಮಾಜಿಕ ಭದ್ರತಾ ಕಾಯ್ದೆ, ಅಂಗವೈಕಲ್ಯದ ಭತ್ಯೆ ಯಾರಿಗೆ ಸಿಗಬೇಕೆಂದು ಹೇಳುವಾಗ ಎರಡು ಷರತ್ತು ಹಾಕುತ್ತದೆ. ಅರ್ಜಿದಾರರಿಗೆ ತಮ್ಮ ಹಿಂದಿನ ಕೆಲಸ ಮಾಡಲು ಆಗಬಾರದು. ದೇಶದಲ್ಲಿ ಅಸ್ತಿತ್ವದಲ್ಲಿರುವ ಬೇರೆ ಯಾವುದೇ ದುಡಿಮೆಯೂ ಸಾಧ್ಯವಾಗಬಾರದು. 'ಅಸ್ತಿತ್ವದಲ್ಲಿರುವ' ಎಂಬುದು ಮೂಲದಲ್ಲಿ ಕೊನೆಗೆ ಬರುವ, ಕಾಮಾ ಇಲ್ಲದ ಒಂದು 'ವಿಚ್' ವಿವರಣೆ.

ಲಿಫ್ಟ್ ನಡೆಸುತ್ತಿದ್ದ ಒಬ್ಬ ಮಹಿಳೆ ಆ ಹುದ್ದೆಯೇ ರದ್ದಾದ ಮೇಲೆ ಭತ್ಯೆಗೆ ಅರ್ಜಿ ಹಾಕಿದರು. ಲಿಫ್ಟ್ ನಡೆಸುವಷ್ಟು ಶಕ್ತಿ ನಿಮಗಿದೆ, ಆದ್ದರಿಂದ ಭತ್ಯೆ ಇಲ್ಲ ಎಂದಿತು ಇಲಾಖೆ. ಅವರ ವಾದ ಹೀಗಿತ್ತು: ಲಿಫ್ಟ್ ನಡೆಸುವ ಕೆಲಸ ಈಗ ದೇಶದಲ್ಲಿ ಹೇಳಿಕೊಳ್ಳುವಷ್ಟು ಉಳಿದೇ ಇಲ್ಲ, ಅಸ್ತಿತ್ವದ ಷರತ್ತು ಹಿಂದಿನ ಕೆಲಸಕ್ಕೂ ಅನ್ವಯಿಸಬೇಕು. ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು. 2003ರಲ್ಲಿ, ಬಾರ್ನ್‌ಹಾರ್ಟ್ ವಿರುದ್ಧ ಥಾಮಸ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ತಿರುಗಿಸಿತು. ಇಂಥ ವಿವರಣೆ ಸಾಮಾನ್ಯವಾಗಿ ತನ್ನ ಹಿಂದೆಯೇ ಇರುವ ನಾಮಪದಕ್ಕೆ ಮಾತ್ರ ಸಲ್ಲುತ್ತದೆ, ಅಂದರೆ 'ಬೇರೆ ದುಡಿಮೆ'ಗೆ ಮಾತ್ರ. ತೀರ್ಪು ಬರೆದ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯ ಅದನ್ನು ಮನೆಯ ಉದಾಹರಣೆ ಕೊಟ್ಟು ವಿವರಿಸಿದರು. ತಂದೆತಾಯಿ ಊರಿಗೆ ಹೋಗುವಾಗ ಮಗನಿಗೆ, ಪಾರ್ಟಿ ಮಾಡಿದರೆ ಅಥವಾ ಮನೆಗೆ ಹಾನಿಯಾಗುವಂಥ ಬೇರೇನಾದರೂ ಮಾಡಿದರೆ ಶಿಕ್ಷೆ ಎಂದು ಹೇಳಿರುತ್ತಾರೆ. ಅವನು ಪಾರ್ಟಿ ಮಾಡಿ ಸಿಕ್ಕಿಬಿದ್ದು, ಮನೆಗೇನೂ ಹಾನಿಯಾಗಿಲ್ಲವಲ್ಲ ಎಂದರೆ ಬಿಡುತ್ತಾರೆಯೇ?

ಅಂಥ ವಿವರಣೆಯ ಮುಂದೆ ಒಂದು ಕಾಮಾ ಇದ್ದರೆ, ಅದು ಪಟ್ಟಿಯ ಎಲ್ಲದಕ್ಕೂ ಸಲ್ಲುತ್ತದೆ ಎಂದು ವಾದಿಸಲು ವಕೀಲರಿಗೆ ದಾರಿ ಸಿಗುತ್ತದೆ. ವಾದ ಗೆದ್ದೇ ಗೆಲ್ಲುತ್ತದೆ ಎಂದೇನಿಲ್ಲ. ನಮ್ಮ ಸುಪ್ರೀಂ ಕೋರ್ಟ್ 1952ರಲ್ಲಿ ಅಶ್ವಿನಿ ಕುಮಾರ್ ಘೋಷ್ ಪ್ರಕರಣದಲ್ಲಿ, ಕಾಯ್ದೆಯ ಅರ್ಥ ನಿರ್ಣಯಿಸುವಾಗ ವಿರಾಮ ಚಿಹ್ನೆಗಳ ಪಾತ್ರ ಚಿಕ್ಕದು ಎಂದಿತ್ತು. ಹಾಗಾಗಿ ಇಂಗ್ಲಿಷಿನಲ್ಲಿ ಕರಾರು, ನೋಟಿಸು ಬರೆಯುವ ಜಾಣರು ಮುಖ್ಯವಾದ ಅರ್ಥವನ್ನು ಕಾಮಾ ತಲೆಗೆ ಕಟ್ಟುವುದಿಲ್ಲ.

ಅಪಾರ್ಟ್‌ಮೆಂಟ್ ಸಂಘವೊಂದು ಇಂಗ್ಲಿಷಿನಲ್ಲಿ ಹೀಗೊಂದು ನೋಟಿಸು ಹಾಕಿತು ಅಂದುಕೊಳ್ಳಿ: 'ದಿ ಟೆನೆಂಟ್ಸ್, ಹೂ ಹ್ಯಾವ್ ನಾಟ್ ಪೇಯ್ಡ್ ಮೇಂಟೆನೆನ್ಸ್, ವಿಲ್ ನಾಟ್ ಗೆಟ್ ಪಾರ್ಕಿಂಗ್ ಪಾಸಸ್'. ಇದನ್ನು ಬರೆದ ಕಾರ್ಯದರ್ಶಿಯ ಮನಸ್ಸಿನಲ್ಲಿದ್ದದ್ದು ಬಾಕಿ ಉಳಿಸಿಕೊಂಡ ಐದಾರು ಮನೆಗಳು. ಕಾಗದದ ಮೇಲೆ ಬಂದದ್ದು, ಬಾಡಿಗೆದಾರರೆಲ್ಲರೂ ಬಾಕಿದಾರರು, ಯಾರಿಗೂ ಪಾಸು ಇಲ್ಲ ಎಂದು. ಎರಡೂ ಕಾಮಾ ತೆಗೆದರೆ ವ್ಯಾಕರಣ ಸರಿಹೋಗುತ್ತದೆ, ಆದರೆ ಕಾಮಾ ಇಲ್ಲದ್ದನ್ನು ಗಮನಿಸಿ ಓದುವವರು ಎಷ್ಟು ಮಂದಿ? 'ದಿ' ತೆಗೆದು 'ಎನಿ ಟೆನೆಂಟ್ ಹೂ ಹ್ಯಾಸ್ ನಾಟ್ ಪೇಯ್ಡ್' ಎಂದು ಶುರುಮಾಡಿದರೆ ಎರಡನೆಯ ಅರ್ಥಕ್ಕೆ ಎಡೆಯೇ ಇಲ್ಲ. ನಿಜವಾಗಿ ಎಲ್ಲರೂ ಬಾಕಿ ಉಳಿಸಿಕೊಂಡಿದ್ದರೆ ಎರಡು ವಾಕ್ಯವನ್ನು ಜೋಡಿಸುವ ಉಸಾಬರಿಯೇ ಬೇಡ: 'ನೋ ಟೆನೆಂಟ್ ಹ್ಯಾಸ್ ಪೇಯ್ಡ್ ಮೇಂಟೆನೆನ್ಸ್. ನೋ ಪಾರ್ಕಿಂಗ್ ಪಾಸಸ್ ವಿಲ್ ಬಿ ಇಷ್ಯೂಡ್.'